ಮುಗಿದ ಪಾಠವನ್ನು ಹಸ್ತಾಂತರಿಸುವುದು ಹೇಗೆ?

ದಾವಣಗೆರೆಯ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ಹತ್ತನೇ ತರಗತಿಗೆ ಗಣಿತ ಕಲಿಸುತ್ತಿದ್ದ ಮೇಡಂ ಒಬ್ಬರು ಡಿಸೆಂಬರಿನಲ್ಲಿ ರಾಜೀನಾಮೆ ಕೊಟ್ಟರು. ದಸರಾ ರಜೆಯಿಂದೀಚೆಗೆ ಸಂಬಳ ಕಂತಿನಲ್ಲಿ ಬರುತ್ತಿತ್ತಂತೆ. ಇದರಲ್ಲಿ ಸುದ್ದಿಯೇನೂ ಇಲ್ಲ. ಅವರು ರಾಜೀನಾಮೆಯ ಜೊತೆಗೆ, ಮುಂದೆ ಬರುವ ಶಿಕ್ಷಕರಿಗೆಂದು ನಾಲ್ಕು ಪುಟಗಳ ಟಿಪ್ಪಣಿಯನ್ನೂ ಲಗತ್ತಿಸಿದ್ದರು. ಶಾಲೆ ಬೆಚ್ಚಿಬಿದ್ದದ್ದು ಆ ಟಿಪ್ಪಣಿಗೆ.

ಕಾರ್ಯದರ್ಶಿಗಳು ಮೊದಲು ಮರುಗಿದರು. “ಪರೀಕ್ಷೆ ಎದುರಿಗಿರುವಾಗ ಹೀಗೆ ಕೈಬಿಟ್ಟು ಹೋದರೆ ಮಕ್ಕಳ ಭವಿಷ್ಯದ ಗತಿಯೇನು ಮೇಡಂ?” ಎಂದರು. ಮಕ್ಕಳ ಭವಿಷ್ಯದ ಬಗ್ಗೆ ಅವರಿಗೆ ಎಷ್ಟು ಕಾಳಜಿಯೆಂದರೆ, ಮೇಡಂ ಅವರ ಬಿ.ಎಡ್. ಮೂಲ ಅಂಕಪಟ್ಟಿಯನ್ನು ಸೇರಿದ ದಿನವೇ ಇಸಿದುಕೊಂಡು ಕಚೇರಿಯ ಅಲ್ಮೇರಾದಲ್ಲಿ ಭದ್ರವಾಗಿ ಬೀಗ ಹಾಕಿಟ್ಟಿದ್ದರು.

ಆಮೇಲೆ ಮುಖ್ಯೋಪಾಧ್ಯಾಯಿನಿಯವರು ಟಿಪ್ಪಣಿಯನ್ನು ಓದಿದರು. ಅದರಲ್ಲಿ ಹೀಗಿತ್ತು: ತ್ರಿಕೋನಮಿತಿ ಅರ್ಧವಾಗಿದೆ. ನಿತ್ಯಸಮೀಕರಣಗಳ ಲೆಕ್ಕಗಳನ್ನು ಈಗಷ್ಟೇ ಆರಂಭಿಸಿದ್ದೇನೆ. ಎತ್ತರ ಮತ್ತು ದೂರದ ಲೆಕ್ಕಗಳನ್ನು ಮುಟ್ಟಿಲ್ಲ. ‘ಬಿ’ ವಿಭಾಗದ ಮಕ್ಕಳು ಸೈನ್ 30 ಡಿಗ್ರಿ ಎಂದರೆ ಅರ್ಧ ಎಂದು ನಿದ್ದೆಯಲ್ಲೂ ಹೇಳುತ್ತಾರೆ; ಆದರೆ ತ್ರಿಭುಜವನ್ನು ಸ್ವಲ್ಪ ತಿರುಗಿಸಿ ಬರೆದು ಅಭಿಮುಖ ಬಾಹು ಯಾವುದೆಂದು ಕೇಳಿದರೆ ಕೆಲವರು ವಿಕರ್ಣವನ್ನು ತೋರಿಸುತ್ತಾರೆ. ಕೋನ ಎಲ್ಲಿದೆಯೆಂದು ನೋಡದೆ, ನಿಂತಿರುವ ಗೆರೆಯೇ ಅಭಿಮುಖ ಬಾಹು ಎಂದುಕೊಂಡಿರುವುದು ಇದಕ್ಕೆ ಕಾರಣ. ಇದನ್ನು ಸರಿಪಡಿಸದೆ ಉನ್ನತ ಕೋನ, ಅವನತ ಕೋನಕ್ಕೆ ಹೋಗಬೇಡಿ. ಹೋದರೆ ಚಿತ್ರವೇ ತಪ್ಪುತ್ತದೆ, ಮುಂದಿನ ಹಂತಗಳ ಅಂಕವೆಲ್ಲ ಅದರ ಜೊತೆಗೇ ಹೋಗುತ್ತದೆ.

ಮುಖ್ಯೋಪಾಧ್ಯಾಯಿನಿಯವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಇದು ಸಾಧ್ಯವೇ ಇಲ್ಲ. ನಿಮ್ಮ ದಿನಚರಿಯಲ್ಲಿ ತ್ರಿಕೋನಮಿತಿ ನವೆಂಬರಿನಲ್ಲೇ ಮುಗಿದಿದೆ. ನಾನೇ ಸಹಿ ಹಾಕಿದ್ದೇನೆ.”

ಹೌದು, ಹಾಕಿದ್ದರು. ವಾರ್ಷಿಕ ಯೋಜನೆಯ ಪ್ರಕಾರ ಪಾಠ ನವೆಂಬರಿನಲ್ಲಿ ಮುಗಿಯಬೇಕು. ಮುಗಿಯದಿದ್ದರೆ ದಿನಚರಿಗೆ ಸಹಿ ಬೀಳುವುದಿಲ್ಲ. ಆದ್ದರಿಂದ ಪಾಠ ಮುಗಿಯಿತು. ಪ್ರತಿಭಾ ಕಾರಂಜಿ, ಶಾಲಾ ವಾರ್ಷಿಕೋತ್ಸವದ ನೃತ್ಯಾಭ್ಯಾಸ, ಕ್ರೀಡಾಕೂಟ ಎಂದು ತರಗತಿಗಳು ಕಳೆದುಹೋದದ್ದು ನಿಜ. ಆದರೆ ದಿನಚರಿಯಲ್ಲಿ ನೃತ್ಯಕ್ಕೆ ಅಂಕಣವಿಲ್ಲ. (ನಾಡಿನ ಶಿಕ್ಷಕರ ದಿನಚರಿಗಳನ್ನೆಲ್ಲ ಒಟ್ಟುಮಾಡಿ ನೋಡಿದರೆ ನಮ್ಮ ಮಕ್ಕಳಿಗೆ ಕಲಿಯಲು ಏನೂ ಉಳಿದೇ ಇಲ್ಲ.)

ಈಗ ಸಮಸ್ಯೆ ಆಡಳಿತಾತ್ಮಕವಾಯಿತು. ಮುಗಿದ ಪಾಠವನ್ನು ಹಸ್ತಾಂತರಿಸುವುದು ಹೇಗೆ? ಟಿಪ್ಪಣಿಯನ್ನು ಸ್ವೀಕರಿಸಿದರೆ ದಿನಚರಿ ಸುಳ್ಳಾಗುತ್ತದೆ, ಸಹಿ ಸುಳ್ಳಾಗುತ್ತದೆ. ನಾಳೆ ಬಿಇಒ ಕಚೇರಿಯವರು ಬಂದು ನೋಡಿದರೆ ಏನು ಹೇಳುವುದು? ಸುದೀರ್ಘ ಸಮಾಲೋಚನೆಯ ನಂತರ ಮಕ್ಕಳ ಹಿತದೃಷ್ಟಿಯಿಂದ ಟಿಪ್ಪಣಿಯನ್ನು ಮೇಡಂ ಅವರಿಗೇ ಹಿಂದಿರುಗಿಸಲಾಯಿತು. ಜೊತೆಗೊಂದು ಸಣ್ಣ ಕೋರಿಕೆ: ಆಂತರಿಕ ಮೌಲ್ಯಮಾಪನದ 20 ಅಂಕಗಳ ಪಟ್ಟಿಯನ್ನು ಪೂರ್ತಿ ತುಂಬಿಸಿಕೊಟ್ಟು ಹೋಗಬೇಕು. ನಾಲ್ಕನೇ ರೂಪಣಾತ್ಮಕ ಪರೀಕ್ಷೆ ಇನ್ನೂ ನಡೆದಿಲ್ಲವಲ್ಲ ಎಂದು ಮೇಡಂ ಕೇಳಿದರು. “ನಡೆದ ಮೇಲೆ ನೀವು ಇರುವುದಿಲ್ಲವಲ್ಲ” ಎಂಬ ಉತ್ತರ ಬಂತು. ತರ್ಕದಲ್ಲಿ ದೋಷವಿಲ್ಲ.

ಪ್ರಭಾರ ವಹಿಸಿಕೊಳ್ಳಲು ಗಣಿತದವರು ಯಾರೂ ಸಿಗದ ಕಾರಣ ದೈಹಿಕ ಶಿಕ್ಷಣದ ಸರ್ ಬಂದರು. ಒಳ್ಳೆಯ ಮನುಷ್ಯ, ಕ್ರೀಡಾಂಗಣದ ಓಟದ ಪಥವನ್ನು ಅಳತೆ ಹಾಕುವುದರಲ್ಲಿ ನಿಸ್ಸೀಮರು. ಹಾಜರಿ ಪುಸ್ತಕ, ಅಂಕವಹಿ, ಡಸ್ಟರ್ ಒಂದು, ಮರದ ಕೈವಾರ ಒಂದು ಎಂದು ಎಣಿಸಿಕೊಂಡರು. ಕೈವಾರದ ತಿರುಪು ಸಡಿಲವಾಗಿದೆ ಎಂಬುದನ್ನೂ ಮರೆಯದೆ ಬರೆಸಿದರು. ಯಾವ ಹುಡುಗಿಗೆ ಅಭಿಮುಖ ಬಾಹು ಗೊತ್ತಿಲ್ಲ ಎಂಬುದಕ್ಕೆ ನಮೂನೆಯಲ್ಲಿ ಜಾಗವಿರಲಿಲ್ಲ. “ಎಲ್ಲವನ್ನೂ ಸುಸ್ಥಿತಿಯಲ್ಲಿ ಪಡೆದಿದ್ದೇನೆ” ಎಂದು ಸಹಿಯಾಯಿತು.

ಪೋಷಕರ ಮೊಬೈಲಿಗೆ ಸಂಜೆಯೇ ಸಂದೇಶ ಹೋಯಿತು: ಪಾಠಗಳು ನಿಗದಿತ ಅವಧಿಯಲ್ಲೇ ಮುಗಿದಿವೆ, ಆತಂಕ ಬೇಡ. ಇತ್ತ ಹಳೆ ಪಿ.ಬಿ. ರಸ್ತೆಯಲ್ಲಿ ಮುಂದಿನ ವರ್ಷದ ಪ್ರವೇಶಾತಿಯ ಫ್ಲೆಕ್ಸ್ ಎದ್ದಿತು. ಅದರಲ್ಲಿ ‘ನುರಿತ ಶಿಕ್ಷಕ ವೃಂದ’ದ ನಡುವೆ ಮೇಡಂ ಇನ್ನೂ ನಗುತ್ತಿದ್ದರು, ಅಂಕಪಟ್ಟಿಯಂತೆ ಭಾವಚಿತ್ರವನ್ನೂ ಶಾಲೆ ಹಿಂದಿರುಗಿಸಿರಲಿಲ್ಲ.

ಜನವರಿಯಲ್ಲಿ ಹೊಸ ಗಣಿತ ಶಿಕ್ಷಕರು ಸಿಕ್ಕರು. ಆಗತಾನೇ ಬಿ.ಎಡ್. ಮುಗಿಸಿದ ಹುಡುಗ. ಅವರ ಕೈಗೆ ದಿನಚರಿಯನ್ನು ಕೊಟ್ಟು, “ಪಾಠವೆಲ್ಲ ಆಗಿದೆ, ನೀವು ಪುನರಾವರ್ತನೆ ಮಾಡಿಸಿದರೆ ಸಾಕು” ಎಂದರು. ಅವರು ಮೊದಲ ದಿನವೇ ಕರಿಹಲಗೆಯ ಮೇಲೆ ಒಂದು ಗೋಪುರ ಬರೆದು, ಉನ್ನತ ಕೋನ 30 ಡಿಗ್ರಿ ಎಂದು ಗುರುತಿಸಿ, ಎತ್ತರವನ್ನು ಕಂಡುಹಿಡಿಯಲು ಹೇಳಿದರು. ತರಗತಿ ಒಕ್ಕೊರಲಿನಿಂದ “ಅರ್ಧ!” ಎಂದಿತು.

ಹೊಸ ಶಿಕ್ಷಕರು ಒಂದು ಕ್ಷಣ ಮಕ್ಕಳನ್ನು ನೋಡಿದರು, ಒಂದು ಕ್ಷಣ ದಿನಚರಿಯನ್ನು ನೋಡಿದರು. ಬಾಗಿಲಲ್ಲಿ ಮುಖ್ಯೋಪಾಧ್ಯಾಯಿನಿಯವರು ನಿಂತಿದ್ದರು. ಹೊಸ ಶಿಕ್ಷಕರ ಮೂಲ ಅಂಕಪಟ್ಟಿ ಆಗಲೇ ಅಲ್ಮೇರಾ ಸೇರಿತ್ತು. ಅವರು ಪೆನ್ನು ತೆಗೆದು ಅಂದಿನ ಪುಟದಲ್ಲಿ ಬರೆದರು: ತ್ರಿಕೋನಮಿತಿಯ ಅನ್ವಯಗಳು, ಪುನರಾವರ್ತನೆ ಪೂರ್ಣಗೊಂಡಿದೆ.