ಮಾಳಿಗೆ ಹತ್ತಿದ ವೈಫೈ

ದಾವಣಗೆರೆಯ ಬೇಸಿಗೆಯಲ್ಲಿ ಸಂಜೆ ಮನೆಯೊಳಗೆ ಕೂರುವವರು ಒಂದೋ ಎ.ಸಿ. ಇದ್ದವರು, ಇಲ್ಲವೇ ಸಾಲಗಾರರಿಗೆ ಹೆದರಿದವರು. ನಾವು ಎರಡೂ ಅಲ್ಲ. ಮಂಡಕ್ಕಿ, ಮೆಣಸಿನಕಾಯಿ ಹಿಡಿದು ಮಾಳಿಗೆ ಹತ್ತುತ್ತೇವೆ. ಕೆಳಗಿನ ವೈಫೈ ಮಾತ್ರ ಎರಡು ಛಾವಣಿ ದಾಟಿ ಹತ್ತುತ್ತಿರಲಿಲ್ಲ.

ಭಾವಮೈದುನ ಮುಂದೆ ಬಂದ. ವೈಫೈ ಹರಡುವ, ಮಳೆ ಬಿಸಿಲು ತಡೆಯುವ ಆಕ್ಸೆಸ್ ಪಾಯಿಂಟ್ ಎಂಬ ಪೆಟ್ಟಿಗೆ, ಅದಕ್ಕೆ ಕೇಬಲ್‌ನಲ್ಲೇ 24 ವೋಲ್ಟ್ ಕರೆಂಟ್ ಕಳಿಸುವ ಇಂಜೆಕ್ಟರ್, ಜೊತೆಗೆ ಅಗ್ಗಕ್ಕೆ ಸಿಕ್ಕ 60 ಮೀಟರ್ ಕೇಬಲ್ ತಂದ. ಬೇಕಾಗಿದ್ದದ್ದು 25 ಮೀಟರ್. ಉಳಿದದ್ದನ್ನು ಕತ್ತರಿಸಲು ಅವನಿಗೆ ಮನಸ್ಸು ಬರಲಿಲ್ಲ. "ಇರಲಿ ಬಿಡಿ ಭಾವ, ಮುಂದೆ ಬೇಕಾಗುತ್ತದೆ" ಎಂದು ಸುರುಳಿ ಸುತ್ತಿ ನೀರಿನ ಟ್ಯಾಂಕಿನ ಪಕ್ಕ ನೇತುಹಾಕಿದ. ಪೆಟ್ಟಿಗೆಯೊಳಕ್ಕೆ ಹೋಗುವ ಮುನ್ನ ಕೇಬಲ್ಲನ್ನು ಕೆಳಗಿಳಿಸಿ ಮೇಲಕ್ಕೆ ತಿರುಗಿಸಿದ್ದನ್ನು ನಾನು ಮೆಚ್ಚಲೇಬೇಕು: ಮಳೆನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ, ಒಳಗೆ ನುಗ್ಗುವುದಿಲ್ಲ.

ಯಾರೂ ಬಳಸದಿದ್ದಾಗ ವೈಫೈ ಅದ್ಭುತವಾಗಿತ್ತು. ನೆಂಟರು ಬಂದು ನಾಲ್ಕೈದು ಮೊಬೈಲಿನಲ್ಲಿ ಕ್ರಿಕೆಟ್ ಶುರುವಾದರೆ ಸಾಕು, ಪೆಟ್ಟಿಗೆಯ ದೀಪ ಆರಿ, ಮತ್ತೆ ಹತ್ತಿ, ಉಸ್ಸೆಂದು ಮೊದಲಿನಿಂದ ಶುರುವಾಗುತ್ತಿತ್ತು. ಅಪ್ಪ ಅದನ್ನು "ಸರ್ಕಾರಿ ನೌಕರ" ಎಂದು ಕರೆದರು.

ಪೆಟ್ಟಿಗೆಯನ್ನು ಇಳಿಸಿ, ಒಂದು ಗೇಣಿನ ತಂತಿಗೆ ಸಿಕ್ಕಿಸಿ, ಎಲ್ಲ ಮೊಬೈಲುಗಳನ್ನೂ ಹಚ್ಚಿದೆ. ಒಮ್ಮೆಯೂ ಆರಲಿಲ್ಲ. ತಪ್ಪು ಪೆಟ್ಟಿಗೆಯದ್ದಲ್ಲ, ದಾರಿಯದ್ದು. ಕೇಬಲಿನ ತುದಿ ಸುಲಿದು ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದೆ. ಮೇಲೆ ತಾಮ್ರದ ಬಣ್ಣ, ಒಳಗೆ ಬೆಳ್ಳಗೆ ಅಲ್ಯೂಮಿನಿಯಂ. ಸೀರೆಯ ಜರಿಯಂತೆ ಬರೀ ಮೇಲಿನ ಮಿನುಗು.

ಇಂಥ ತಂತಿಯ ಪ್ರತಿರೋಧ ಅಪ್ಪಟ ತಾಮ್ರದ ತಂತಿಗಿಂತ ಸುಮಾರು ಒಂದೂವರೆ ಪಟ್ಟು. ಸುಮ್ಮನಿರುವಾಗ ಪೆಟ್ಟಿಗೆ ಎಳೆಯುವ ಕರೆಂಟ್ ಕಡಿಮೆ, ಆದ್ದರಿಂದ ದಾರಿಯಲ್ಲಿ ಕಳೆಯುವ ವೋಲ್ಟೇಜೂ ಕಡಿಮೆ. ಕೆಲಸ ಹೆಚ್ಚಿ ಅರ್ಧ ಆಂಪಿಯರ್ ಎಳೆದಾಗ 60 ಮೀಟರಿನಲ್ಲಿ ನಾಲ್ಕೂವರೆ ವೋಲ್ಟಿನಷ್ಟು ಸೋರಿಹೋಗುತ್ತಿತ್ತು. ಪೆಟ್ಟಿಗೆಯ ಹಿಂದೆ ಬರೆದಿದ್ದ ಕನಿಷ್ಠ ಬೇಡಿಕೆ 20. ಮೇಲೆ ತಲುಪುತ್ತಿದ್ದದ್ದು ಅದಕ್ಕೂ ಕಡಿಮೆ. ಬಳಸದೆ ಸುತ್ತಿಟ್ಟ ಸುರುಳಿಯೂ ತನ್ನ ಸುಂಕ ವಸೂಲು ಮಾಡುತ್ತಿತ್ತು.

ಸುರುಳಿ ಕತ್ತರಿಸುವಾಗ ಭಾವಮೈದುನ ಮುಖ ತಿರುಗಿಸಿಕೊಂಡ. 25 ಮೀಟರಿಗೆ ಇಳಿದ ಮೇಲೆ ಸೋರಿಕೆ ಎರಡು ವೋಲ್ಟಿನೊಳಗೆ ಬಂತು, ಕ್ರಿಕೆಟ್ ನಿಲ್ಲಲಿಲ್ಲ. ಆದರೂ ಆ ಕೇಬಲಿನ ಬೂದು ಹೊದಿಕೆ ಮನೆಯೊಳಗೆ ಬಳಸುವಂಥದ್ದು. ನಮ್ಮ ಊರಿನ ಬಿಸಿಲಿಗೆ ಬಿರುಕು ಬಿಡುವುದು ಖಚಿತ. ಹಾಗಾಗಿ ಹೊರಾಂಗಣದ ಕಪ್ಪು ಹೊದಿಕೆಯ, ಅಪ್ಪಟ ತಾಮ್ರದ ಕೇಬಲ್ ತಂದು ಎಳೆಸಿದೆ.

ಹಳೆಯದನ್ನು ಬಿಸಾಡಲು ಭಾವಮೈದುನ ಬಿಡಲಿಲ್ಲ. ಬಟ್ಟೆ ಒಣಹಾಕುವ ಹಗ್ಗವಾಗಿ ಕಟ್ಟಿಕೊಟ್ಟ. ಅಮ್ಮ ಒಗೆದ ಜಮಖಾನೆ ಹರವಿದರು. ಅದು ಫಟ್ಟೆಂದು ತುಂಡಾಗಿ ಪಕ್ಕದ ಮನೆಯವರ ಸಂಡಿಗೆಯ ಮೇಲೆ ಬಿತ್ತು.