ಸರಕಾರದ ರೂಪಾಯಿ ಹಾವೇರಿಯಲ್ಲಿ ಎಷ್ಟು ಕೈ ದಾಟುತ್ತದೆ?

ಕಳೆದ ಸಲ ಊರಿಗೆ ಬಂದಾಗ ಬ್ಯಾಡಗಿಯಲ್ಲಿ ಸೋದರತ್ತೆಯ ಮಗನೊಂದಿಗೆ ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿಯ ಮಾತು ಬಂತು. “ನಿಮ್ಮ ಸಿಂಗಪುರದಾಗ ಹಿಂಗ ಪುಕ್ಕಟೆ ರೊಕ್ಕಾ ಕೊಡ್ತಾರೇನೋ ತಮ್ಮಾ? ಕೊಡಂಗಿಲ್ಲ. ಅದಕ್ಕ ಅದು ಉದ್ಧಾರ ಆಗೇತಿ” ಎಂದು ಅವನು ಖಚಿತವಾಗಿ ಹೇಳಿದ. ಆ ಮಾತು ನನಗೆ ಚುಚ್ಚಿತು, ಏಕೆಂದರೆ ಸಿಂಗಪುರ ಕೊಡುತ್ತದೆ. 2024ರ ಜನವರಿಯಲ್ಲಿ ಅಲ್ಲಿನ ಪ್ರತಿ ನಾಗರಿಕ ಕುಟುಂಬಕ್ಕೂ 500 ಡಾಲರ್ ಮೊತ್ತದ ವೋಚರ್ ಸಿಕ್ಕಿತು. ಆದರೆ ಕೊಡುವ ರೀತಿಯಲ್ಲಿ ವ್ಯತ್ಯಾಸವಿದೆ, ಮತ್ತು ನಾನು ಹೇಳಬೇಕೆಂದಿರುವುದು ಅದನ್ನೇ.

ಆ 500ರಲ್ಲಿ ಅರ್ಧವನ್ನು ಸೂಪರ್‌ಮಾರ್ಕೆಟ್‌ಗಳಲ್ಲಿ ಬಳಸಬಹುದಿತ್ತು. ಉಳಿದರ್ಧವನ್ನು ವಸತಿ ಬಡಾವಣೆಗಳ ಸಣ್ಣ ಅಂಗಡಿಗಳಲ್ಲಿ ಮತ್ತು ಹಾಕರ್ ಸೆಂಟರ್‌ಗಳ ತಿಂಡಿ ಮಳಿಗೆಗಳಲ್ಲಿಯೇ ಖರ್ಚು ಮಾಡಬೇಕಿತ್ತು. ವರ್ಷಾಂತ್ಯಕ್ಕೆ ಉಳಿದದ್ದು ರದ್ದಾಗುತ್ತಿತ್ತು. ನಮ್ಮ ಪಕ್ಕದ ಮನೆಯ ಅಜ್ಜಿ ಮೊಬೈಲಿನಲ್ಲಿ ಎರಡು ಡಾಲರಿನ ವೋಚರನ್ನು ಆರಿಸಿ ಕಾಫಿ ಮಳಿಗೆಯವನ ಮುಂದೆ ಹಿಡಿಯುತ್ತಾರೆ, ಅವನು ಕೋಡನ್ನು ಸ್ಕ್ಯಾನ್ ಮಾಡುತ್ತಾನೆ, ಅಷ್ಟೇ. ಆ ಹಣವನ್ನು ಬ್ಯಾಂಕಿನಲ್ಲಿ ಇಡಲು ಬರುವುದಿಲ್ಲ, ವಿದೇಶಕ್ಕೆ ಕಳುಹಿಸಲೂ ಬರುವುದಿಲ್ಲ. ಅರ್ಥಶಾಸ್ತ್ರದಲ್ಲಿ ಸೋರಿಕೆ ಎನ್ನುವ ಎರಡು ತೂತುಗಳನ್ನು ಮೊದಲ ಸುತ್ತಿಗಾದರೂ ಮುಚ್ಚಿಯೇ ಅವರು ಹಣ ಕೊಡುತ್ತಾರೆ.

ಸೋರಿಕೆಯ ಮಹತ್ವ ತಿಳಿಯಲು ನಮ್ಮ ಜಿಲ್ಲೆಯ ಒಂದು ಕೆರೆಯ ಹೂಳೆತ್ತುವ ಕೆಲಸವನ್ನೇ ಲೆಕ್ಕ ಹಾಕಿ ನೋಡೋಣ. ಅಂಕಿಗಳು ಉದಾಹರಣೆಗಾಗಿ ಇಟ್ಟುಕೊಂಡವು. ಸರಕಾರ ಒಂದು ಲಕ್ಷ ರೂಪಾಯಿಯನ್ನು ಸ್ಥಳೀಯರಿಗೆ ಕೂಲಿಯಾಗಿ ಕೊಟ್ಟಿತು ಎನ್ನೋಣ. ಕೂಲಿ ಪಡೆದವರು ರೂಪಾಯಿಗೆ 80 ಪೈಸೆ ಖರ್ಚು ಮಾಡಿ 20 ಪೈಸೆ ಉಳಿಸುತ್ತಾರೆ. ಖರ್ಚಾದ 80ರಲ್ಲಿ ಅರ್ಧ ಸೋಪು, ಎಣ್ಣೆ, ಮೊಬೈಲ್ ರೀಚಾರ್ಜ್ ಎಂದು ಹೊರಗೆ ಹೋಗುತ್ತದೆ, ಉಳಿದರ್ಧ ಜೋಳ ಬೆಳೆದವನಿಗೆ, ಹಿಟ್ಟಿನ ಗಿರಣಿಯವನಿಗೆ, ಚಾದಂಗಡಿಯವನಿಗೆ ಆದಾಯವಾಗುತ್ತದೆ. ಹೀಗೆ ಎರಡನೆಯ ಸುತ್ತಿನಲ್ಲಿ 40 ಸಾವಿರ, ಅವರೂ ಅದೇ ಪ್ರಮಾಣದಲ್ಲಿ ಖರ್ಚು ಮಾಡಿದರೆ ಮೂರನೆಯದರಲ್ಲಿ 16 ಸಾವಿರ, ನಾಲ್ಕನೆಯದರಲ್ಲಿ 6,400. ಸುತ್ತುಗಳು ಕ್ಷೀಣಿಸುತ್ತಾ ಹೋದರೂ ಒಟ್ಟು ಸುಮಾರು 1,66,700 ರೂಪಾಯಿಯಾಗುತ್ತದೆ. ಒಂದು ಲಕ್ಷಕ್ಕೆ ಸಿಕ್ಕಿದ ಈ 1.67 ಪಟ್ಟನ್ನೇ ಗುಣಕ ಎನ್ನುತ್ತಾರೆ. 1931ರಲ್ಲಿ ರಿಚರ್ಡ್ ಕಾನ್ ಎಂಬ ಅರ್ಥಶಾಸ್ತ್ರಜ್ಞ ಸರಕಾರಿ ಕಾಮಗಾರಿಯಿಂದ ಹುಟ್ಟುವ ಉದ್ಯೋಗವನ್ನು ಇದೇ ಸರಣಿಯಲ್ಲಿ ಲೆಕ್ಕ ಹಾಕಿ ತೋರಿಸಿದ್ದ. ಇನ್ನೊಬ್ಬ ಅರ್ಥಶಾಸ್ತ್ರಜ್ಞ ಕೇನ್ಸ್ ಅದನ್ನು ತನ್ನ ಸಿದ್ಧಾಂತದೊಳಗೆ ತಂದ.

ಈಗ ಅದೇ ಕೆರೆಗೆ ಹೊರಗಿನಿಂದ ಬಾಡಿಗೆಗೆ ತಂದ ಜೆಸಿಬಿ ಇಳಿಯಲಿ. ಲಕ್ಷದಲ್ಲಿ 70 ಸಾವಿರ ಯಂತ್ರದ ಬಾಡಿಗೆಗೂ ಡೀಸೆಲ್ಲಿಗೂ ಹೋದರೆ ಊರಿನ ಕೈಗೆ ಮೊದಲ ಸುತ್ತಿನಲ್ಲಿ ಬರುವುದು 30 ಸಾವಿರ ಮಾತ್ರ. ಅದು ಎಷ್ಟೇ ಸುತ್ತಿದರೂ ಒಟ್ಟು 50 ಸಾವಿರ. ಕೆರೆ ಎರಡೂ ಸಂದರ್ಭದಲ್ಲಿ ಆಳವಾಗುತ್ತದೆ, ಖರ್ಚೂ ಒಂದೇ, ಆದರೆ ಊರಿನ ಆದಾಯದ ಮೇಲಿನ ಪರಿಣಾಮದಲ್ಲಿ ಮೂರು ಪಟ್ಟಿಗೂ ಮೀರಿದ ಅಂತರ. 2005ರ ಉದ್ಯೋಗ ಖಾತ್ರಿ ಕಾಯ್ದೆ ಗುತ್ತಿಗೆದಾರರನ್ನು ದೂರವಿಟ್ಟು, ವೆಚ್ಚದಲ್ಲಿ ಕನಿಷ್ಠ 60 ಭಾಗ ಕೂಲಿಗೇ ಹೋಗಬೇಕೆಂದು ಬರೆದದ್ದರ ಫಲ ಇಲ್ಲಿ ಕಾಣುತ್ತದೆ. ಆ ಮಾತು ಕಾಗದದಲ್ಲಿ ಉಳಿದು, ರಾತ್ರಿ ಯಂತ್ರ ಕೆರೆಗಿಳಿದು, ಹಗಲು ಹಾಜರಿ ಪುಸ್ತಕ ತುಂಬಿದ್ದನ್ನು ನಮ್ಮ ಕಡೆಯವರು ಹೇಳುವಾಗ ನನಗೆ ಸಂಕಟವಾಗುತ್ತದೆ.

ಇದಕ್ಕಿಂತ ಹೆಚ್ಚು ಸಂಕಟ ಕೊಡುವುದು ಬಿಲ್ಲಿನ ವಿಳಂಬ. ನಮ್ಮ ಸಂಬಂಧಿಕರೊಬ್ಬರು ಗಟಾರು ಕಟ್ಟುವ ಸಣ್ಣ ಗುತ್ತಿಗೆ ಹಿಡಿಯುತ್ತಾರೆ. ಕೆಲಸ ಮುಗಿದರೂ ಬಿಲ್ ಬರಲಿಲ್ಲ, ಕೂಲಿ ಕೊಡಲು ಬಡ್ಡಿಗೆ ಸಾಲ ತಂದರು, ಬಹಳ ಕಾಲದ ಮೇಲೆ ಹಣ ಬಂದಾಗ ಅದು ನೇರವಾಗಿ ಬಡ್ಡಿಯವನ ಮನೆಗೆ ಹೋಯಿತು. ಬಜೆಟ್ ಪುಸ್ತಕದಲ್ಲಿ ಇದು ಸರಕಾರದ ವೆಚ್ಚವೇ. ಆದರೆ ಗುಣಕದ ದೃಷ್ಟಿಯಿಂದ ನೋಡಿದರೆ, ಖರ್ಚು ಮಾಡುವವನ ಕೈಗೆ ಬರಬೇಕಾದ ಲಾಭದ ಭಾಗ ಕೂಡಿಡುವವನ ಕೈಗೆ ಸೇರಿತು, ಮತ್ತು ಮುಂದಿನ ಕೆಲಸಕ್ಕೆ ಅವರಲ್ಲಿ ಬಂಡವಾಳವೇ ಉಳಿಯಲಿಲ್ಲ.

ಇನ್ನೊಂದು ಷರತ್ತು ಇದೆ, ಮತ್ತು ಇಡೀ ವಿಚಾರ ನಿಂತಿರುವುದು ಅದರ ಮೇಲೆಯೇ: ಊರಿನಲ್ಲಿ ಬಿಡುವಾಗಿರುವ ಕೈಗಳೂ ಯಂತ್ರಗಳೂ ಇರಬೇಕು. ಹಿಟ್ಟಿನ ಗಿರಣಿಯನ್ನು ನೋಡಿ. ಗಿರಣಿಯವನು ಬೆಳಿಗ್ಗೆ ಬಾಗಿಲು ತೆರೆದು ಗಿರಾಕಿಗಾಗಿ ಕಾಯುತ್ತಾ ಕೂರುತ್ತಾನೆ. ಹತ್ತು ಡಬ್ಬಿ ಜೋಳ ಹೆಚ್ಚಿಗೆ ಬಂದರೆ ಅವನು ದರ ಏರಿಸುವುದಿಲ್ಲ, ಬೀಸಿ ಕೊಡುತ್ತಾನೆ. ಹೆಚ್ಚಾದ ಬೇಡಿಕೆ ಬೆಲೆಯಾಗದೆ ಉತ್ಪಾದನೆಯಾಗುವುದು ಹೀಗೆ. ಕೀನ್ಯಾದ ಸಿಯಾಯಾ ಪ್ರಾಂತ್ಯದಲ್ಲಿ ಸುಮಾರು 10,500 ಬಡ ಕುಟುಂಬಗಳಿಗೆ ತಲಾ ಸುಮಾರು ಸಾವಿರ ಅಮೆರಿಕನ್ ಡಾಲರ್ ಕೊಟ್ಟು ಅಧ್ಯಯನ ಮಾಡಿದಾಗ ಸ್ಥಳೀಯ ಗುಣಕ ಸುಮಾರು 2.5 ಎಂದು ಕಂಡುಬಂತು, ಬೆಲೆಗಳು ಏರಿದ್ದು ಸರಾಸರಿ ಶೇಕಡಾ 0.1ರಷ್ಟು ಮಾತ್ರ. ಕೊಟ್ಟದ್ದು ನಗದನ್ನೇ, ವೋಚರನ್ನಲ್ಲ.

ನಮ್ಮಲ್ಲಿ ಏನಾಗುತ್ತದೆ? ಆರ್ಥಿಕ ವರ್ಷ ಮುಗಿಯುವ ಮುನ್ನ ಅನುದಾನ ಖಾಲಿಯಾಗಬೇಕೆಂದು ಕಾಮಗಾರಿಗಳು ಮಾರ್ಚ್ ತಿಂಗಳಿಗೆ ಬಂದು ಒತ್ತುತ್ತವೆ. ಮಾರ್ಚ್ ಎಂದರೆ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸುಗ್ಗಿಯ ಕಾಲ. ಮಾರುಕಟ್ಟೆಯಲ್ಲಿ ಚೀಲ ಹೊರುವವರಿಂದ ಹಿಡಿದು ತೊಟ್ಟು ಬಿಡಿಸುವ ಹೆಣ್ಣುಮಕ್ಕಳವರೆಗೆ ಯಾರಿಗೂ ಬಿಡುವಿಲ್ಲ. ಆಗ ತೆಗೆದ ಗಟಾರು ಕೆಲಸ ಬೇರೆ ಕೆಲಸದಲ್ಲಿದ್ದವರನ್ನು ಎಳೆದುಕೊಂಡು ಬರುತ್ತದೆ, ಕೂಲಿದರ ಏರುತ್ತದೆ, ಒಟ್ಟು ಉತ್ಪಾದನೆ ಅಷ್ಟಾಗಿ ಏರುವುದಿಲ್ಲ. ಅದೇ ಹಣ ಸುಗ್ಗಿ ಇಳಿದ ಮೇಲೆ, ಮುಂಗಾರಿಗೆ ಮುನ್ನ ಬಂದಿದ್ದರೆ ಲೆಕ್ಕವೇ ಬೇರೆಯಾಗುತ್ತಿತ್ತು.

ಹೀಗೆ ಊರನ್ನು ದೂರಿದ ಮೇಲೆ ಸಿಂಗಪುರದ ಬಗ್ಗೆಯೂ ಹೇಳಲೇಬೇಕು. ಅಲ್ಲಿ ಸೋರಿಕೆಯ ತೂತು ನಮ್ಮದಕ್ಕಿಂತ ಎಷ್ಟೋ ದೊಡ್ಡದು. ತಿನ್ನುವ ಆಹಾರದಲ್ಲಿ ಶೇಕಡಾ 90ಕ್ಕೂ ಹೆಚ್ಚು ಹೊರಗಿನಿಂದ ಬರುತ್ತದೆ, 55 ವರ್ಷದೊಳಗಿನ ನಾಗರಿಕ ನೌಕರನ ಸಂಬಳದಲ್ಲಿ ಶೇಕಡಾ 20 ಕಡ್ಡಾಯ ಉಳಿತಾಯಕ್ಕೆ ಕಡಿತವಾಗುತ್ತದೆ. ರೂಪಾಯಿಗೆ 40 ಪೈಸೆ ತಿರುಗಿ ಬರುವ ಬದಲು 20 ಪೈಸೆಯಷ್ಟೇ ಬಂದರೆ ಗುಣಕ 1.67ರಿಂದ 1.25ಕ್ಕೆ ಇಳಿಯುತ್ತದೆ. ಅಲ್ಲದೆ ವೋಚರ್ ಮುಚ್ಚುವುದು ಅರ್ಧ ತೂತನ್ನು ಮಾತ್ರ: ಹೇಗೂ ಕುಡಿಯುತ್ತಿದ್ದ ಕಾಫಿಗೆ ಅಜ್ಜಿ ವೋಚರ್ ಕೊಟ್ಟರೆ ಅವರ ಸ್ವಂತ ಎರಡು ಡಾಲರ್ ಉಳಿತಾಯಕ್ಕೆ ಸೇರುತ್ತದೆ. ಹಾವೇರಿಯಲ್ಲಿ ಎರಡು ಸಾವಿರ ಪಡೆದ ತಾಯಿ ಅದನ್ನು ಕೂಡಿಡುವಷ್ಟು ಅನುಕೂಲದಲ್ಲಿರುವುದು ಅಪರೂಪ, ಅವಳಿಗೆ ಕೊನೆಯ ದಿನಾಂಕ ನಿಗದಿ ಮಾಡುವ ಅಗತ್ಯವೇ ಇಲ್ಲ.

ಸೋದರತ್ತೆಯ ಮಗನ ಮಾತಿನಲ್ಲೂ ಒಪ್ಪಬೇಕಾದ ಭಾಗವಿದೆ. ನಗದು ಕೊಟ್ಟಾಗ ಮೊದಲ ಸುತ್ತಿನಲ್ಲಿ ಏನೂ ಉತ್ಪಾದನೆಯಾಗುವುದಿಲ್ಲ, ಸರಣಿ ಅದನ್ನು ಪಡೆದ ತಾಯಿ ಖರ್ಚು ಮಾಡಿದ ಮೇಲೆಯೇ ಆರಂಭವಾಗುತ್ತದೆ. ನಮ್ಮ ಲೆಕ್ಕದ ಪ್ರಮಾಣಗಳಲ್ಲಿ ಕೂಲಿಯಾಗಿ ಕೊಟ್ಟ ಎರಡು ಸಾವಿರ ಊರಿನಲ್ಲಿ ಸುಮಾರು 3,330 ಆಗುತ್ತದೆ, ನಗದಾಗಿ ಕೊಟ್ಟದ್ದು ಸುಮಾರು 1,330. ಕೀನ್ಯಾದ ಹಣ ಹೊರಗಿನ ದಾನವಾಗಿತ್ತು, ನಮ್ಮದು ತೆರಿಗೆಯಿಂದಲೋ ಸಾಲದಿಂದಲೋ ಬರಬೇಕು, ಮತ್ತು ತೆರಿಗೆ ತೆತ್ತವನು ಕಡಿಮೆ ಮಾಡಿದ ಖರ್ಚನ್ನು ಈ ಲೆಕ್ಕದಿಂದ ಕಳೆಯಬೇಕು. ಹೇಗೂ ಕೂಡಿಡುತ್ತಿದ್ದವನಿಂದ ಬಂದ ತೆರಿಗೆಯಾದರೆ ಕಳೆಯುವುದು ಸ್ವಲ್ಪ, ಅವಳೇ ಕೊಳ್ಳುವ ಸೋಪಿನ ಮೇಲಿನ ತೆರಿಗೆಯಾದರೆ ಬಹುಪಾಲು.