ಜ್ವರ ಇಳಿದ ಅಪರಾಧಕ್ಕೆ

ಆರೋಗ್ಯ ವಿಮಾ ಕಂಪನಿಗಳು ರೋಗಿಯಿಂದ ಬಯಸುವುದು ಹೆಚ್ಚೇನಲ್ಲ. ಆಸ್ಪತ್ರೆಯ ಬಾಗಿಲಿಗೆ ಬರುವಾಗ ಆತ ಸಾಯುವ ಹಾಗೆ ಕಾಣಬೇಕು. ಬಂದ ಮೇಲೆ ಸಾಯಬಾರದು. ಪುಣೆಯ ಕರ್ವೆನಗರದಲ್ಲಿರುವ ನಮ್ಮ ನೆರೆಮನೆಯ ಕಾಕೂ ಈ ಶಿಷ್ಟಾಚಾರದ ಮೊದಲರ್ಧವನ್ನೇ ಮುರಿದರು. ಡೆಂಗಿ ಬಂದು ನಾಲ್ಕನೆಯ ದಿನ ಆಸ್ಪತ್ರೆ ಸೇರುವಾಗ ಅವರ ಮೈ 98.8 ಡಿಗ್ರಿ ಇತ್ತು. ಬಿಲ್ಲು 68,400 ರೂಪಾಯಿ ಆಯಿತು. ಕಂಪನಿಯಿಂದ ಬಂದ ಪತ್ರದ ಸಾರಾಂಶ ಇಷ್ಟು: ದಾಖಲಾಗುವಾಗ ರೋಗಿಗೆ ಜ್ವರವಿರಲಿಲ್ಲ, ನಾಡಿ ಮತ್ತು ರಕ್ತದೊತ್ತಡ ಸ್ಥಿರವಾಗಿದ್ದವು, ಆಸ್ಪತ್ರೆವಾಸ ಮುಖ್ಯವಾಗಿ ತಪಾಸಣೆಗಾಗಿ ನಡೆದಿದೆ, ಆದ್ದರಿಂದ ಪಾಲಿಸಿಯ Excl04 ಎಂಬ ಹೊರಗಿಡುವ ಷರತ್ತಿನ ಪ್ರಕಾರ ಹಣ ಕೊಡಲಾಗುವುದಿಲ್ಲ, ನೀವು ಶೀಘ್ರವಾಗಿ ಗುಣಮುಖರಾಗಲೆಂದು ಹಾರೈಸುತ್ತೇವೆ.

ಹಾರೈಕೆಯ ಭಾಗ ಯಾವ ಷರತ್ತಿಗೂ ಒಳಪಟ್ಟಿರಲಿಲ್ಲ.

ಮೂಲತಃ ಧಾರವಾಡದವರಾದ ಕಾಕಾ ಬ್ಯಾಂಕಿನಿಂದ ನಿವೃತ್ತರಾದವರು. ಅನ್ಯಾಯ ಕಂಡರೆ ಅವರ ಕೈ ಮೊದಲು ಫುಲ್‌ಸ್ಕೇಪ್ ಹಾಳೆಗೆ ಹೋಗುತ್ತದೆ. ಐದು ಪುಟದ ಮೇಲ್ಮನವಿ ಸಿದ್ಧವಾಯಿತು. ಒಂದು ವರ್ಷವೂ ಪ್ರೀಮಿಯಂ ತಪ್ಪಿಸಿದವರಲ್ಲ ಎಂಬುದರಿಂದ ಆರಂಭವಾಗಿ, ಗ್ರಾಹಕ ಸೇವೆಯ ದೂರವಾಣಿಯಲ್ಲಿ ಕೇಳಿಸಿದ ಸಂಗೀತದ ವಿಮರ್ಶೆ, ಎರಡು ಗಾದೆ, ಪ್ರಧಾನಿಗೆ ಪ್ರತಿ ಕಳಿಸುವ ಬೆದರಿಕೆ, ಎಲ್ಲವೂ ಅದರಲ್ಲಿದ್ದವು. ನಡುವೆ ಒಂದು ಕಡೆ, ಮನೆಯಲ್ಲಿ ಪಪ್ಪಾಯಿ ಎಲೆಯ ರಸ ಕುಡಿಸಿದಾಗ ತುಸು ಚೇತರಿಸಿಕೊಂಡಳು ಎಂದೂ ಹೆಮ್ಮೆಯಿಂದ ಬರೆದಿದ್ದರು.

"ಕಾಕಾ, ಈ ಒಂದು ಸಾಲು ಸಾಕು. ಮನೆಯಲ್ಲೇ ಚೇತರಿಸಿಕೊಳ್ಳುತ್ತಿದ್ದವರನ್ನು ಆಸ್ಪತ್ರೆಗೆ ಯಾಕೆ ಸೇರಿಸಿದಿರಿ ಎಂದು ಕೇಳುತ್ತಾರೆ" ಎಂದೆ.

"ಹಾಗಾದರೆ ಸತ್ಯ ಬರೆಯಬಾರದೇನು?"

"ಬರೆಯಿರಿ. ಕೇಸ್ ಪೇಪರಿನಲ್ಲಿರುವ ಸತ್ಯ ಬರೆಯಿರಿ."

ಕಂಪನಿಯ ಪತ್ರದಲ್ಲಿ ಒಂದೂ ಸುಳ್ಳಿರಲಿಲ್ಲ ಎಂಬುದೇ ಅದರ ಸೊಗಸು. ಜ್ವರ ನಿಜವಾಗಿಯೂ ಇರಲಿಲ್ಲ. ಆದರೆ ಡೆಂಗಿಯಲ್ಲಿ ಅಪಾಯದ ಕಾಲ ಬರುವುದೇ ಜ್ವರ ಇಳಿಯುವಾಗ, ಹೆಚ್ಚಾಗಿ ಮೂರರಿಂದ ಏಳನೆಯ ದಿನದ ನಡುವೆ. ರಕ್ತನಾಳಗಳಿಂದ ನೀರಿನಂಶ ಹೊರಕ್ಕೆ ಸೋರತೊಡಗುತ್ತದೆ, ಉಳಿದ ರಕ್ತ ಗಟ್ಟಿಯಾಗುತ್ತದೆ. ಇದನ್ನು ಹಿಡಿದುಕೊಡುವುದು ಥರ್ಮಾಮೀಟರಲ್ಲ, ಹಿಮಟೊಕ್ರಿಟ್. ಅಂದರೆ ರಕ್ತದಲ್ಲಿ ಕೆಂಪುಕಣಗಳ ಪಾಲು. ಕಾಕೂರವರದು ಮೂರನೆಯ ದಿನ 36 ಇದ್ದದ್ದು ಮರುದಿನ ಸಂಜೆ 43ಕ್ಕೆ ಏರಿತ್ತು. ಅದೇ ಹೊತ್ತಿಗೆ ಪ್ಲೇಟ್‌ಲೆಟ್ 1,40,000ದಿಂದ 62,000ಕ್ಕೆ ಕುಸಿದಿತ್ತು. ಬಾಯಿಗೆ ಹಾಕಿದ ಗುಟುಕು ನೀರೂ ವಾಂತಿಯಾಗುತ್ತಿತ್ತು. ನಿಲ್ಲದ ವಾಂತಿಯನ್ನೂ, ಪ್ಲೇಟ್‌ಲೆಟ್ ಬೇಗ ಇಳಿಯುತ್ತ ಹಿಮಟೊಕ್ರಿಟ್ ಏರುವುದನ್ನೂ ವಿಶ್ವ ಆರೋಗ್ಯ ಸಂಸ್ಥೆಯ 2009ರ ಮಾರ್ಗಸೂಚಿ ಎಚ್ಚರಿಕೆಯ ಲಕ್ಷಣಗಳೆಂದು ಹೆಸರಿಸಿ, ಇಂಥವರನ್ನು ಆಸ್ಪತ್ರೆಯಲ್ಲೇ ನೋಡಿಕೊಳ್ಳಬೇಕೆನ್ನುತ್ತದೆ. ಮಾರ್ಗಸೂಚಿ ಬರೆದವರಿಗೆ ಪಾಪ, ಜ್ವರವಿಲ್ಲದವರು ಆರೋಗ್ಯವಂತರು ಎಂಬ ವಿಮಾಶಾಸ್ತ್ರದ ಮೂಲಸೂತ್ರ ತಿಳಿದಿರಲಿಲ್ಲ.

ಕಾಕಾ ಪ್ಲೇಟ್‌ಲೆಟ್ ಸಂಖ್ಯೆಯನ್ನೇ ದಪ್ಪಕ್ಷರದಲ್ಲಿ ಹಾಕಬೇಕೆಂದು ಹಟ ಹಿಡಿದರು. ಮಳೆಗಾಲದಲ್ಲಿ ಪುಣೆಯವರು ಷೇರು ಸೂಚ್ಯಂಕ ಬಿಟ್ಟು ಪ್ಲೇಟ್‌ಲೆಟ್ ಮಾತಾಡುತ್ತಾರೆ, ಅವರದೇನೂ ತಪ್ಪಿಲ್ಲ. ಆದರೆ 62,000 ಒಂದನ್ನೇ ಮುಂದಿಟ್ಟರೆ, ಅಷ್ಟಕ್ಕೆ ದಾಖಲಾಗಬೇಕಿರಲಿಲ್ಲ ಎಂದು ಕಂಪನಿಯ ವೈದ್ಯರು ಒಂದೇ ಸಾಲಿನಲ್ಲಿ ಕೈ ತೊಳೆದುಕೊಳ್ಳುತ್ತಾರೆ. ವಾಂತಿ ಮತ್ತು ಹಿಮಟೊಕ್ರಿಟ್ ಜೊತೆಗಿದ್ದರೆ ಅದು ಸುಲಭವಲ್ಲ.

ಕಂಪನಿಗೆ ತಪಾಸಣೆ ಎಂಬ ಪದ ಸಿಕ್ಕಿದ್ದಾದರೂ ಎಲ್ಲಿ? ಡಿಸ್ಚಾರ್ಜ್ ಸಮರಿಯ ಮೊದಲ ಸಾಲಿನಲ್ಲಿ. ರಾತ್ರಿ ಪಾಳಿಯ ಕಿರಿಯ ವೈದ್ಯರು ರೂಢಿಯಂತೆ "ನಿಗಾ ಮತ್ತು ಹೆಚ್ಚಿನ ತಪಾಸಣೆಗಾಗಿ ದಾಖಲು" ಎಂದು ಗೀಚಿದ್ದರು. ನೂರು ರೋಗಿಗಳಿಗೆ ಬರೆಯುವ ಸಾಲು ಅದು. ಅದರ ಬೆಲೆ ಅರವತ್ತೆಂಟು ಸಾವಿರ ಎಂದು ಅವರಿಗೇನು ಗೊತ್ತು? ಅದನ್ನು ತಿದ್ದಿಸಿ ತರುತ್ತೇನೆಂದು ಕಾಕಾ ಚಪ್ಪಲಿ ಮೆಟ್ಟಿಕೊಂಡರು. ಕೊಟ್ಟ ದಾಖಲೆಯನ್ನು ಆಮೇಲೆ ತಿದ್ದಿಸಿದರೆ ನಿರಾಕರಣೆಯ ಜೊತೆಗೆ ವಂಚನೆಯ ಆರೋಪವೂ ಉಚಿತವಾಗಿ ಬರುತ್ತದೆ ಎಂದು ಹೇಳಿ ತಡೆಯಬೇಕಾಯಿತು. ಬದಲಿಗೆ ಒಳರೋಗಿ ದಾಖಲೆಗಳ ಪೂರ್ತಿ ಪ್ರತಿ ಕೇಳಿದೆವು. ಲಿಖಿತವಾಗಿ ಕೇಳಿದರೆ 72 ಗಂಟೆಯೊಳಗೆ ವೈದ್ಯರು ದಾಖಲೆ ಒದಗಿಸಬೇಕೆಂದು 2002ರ ವೈದ್ಯಕೀಯ ಮಂಡಳಿಯ ನಿಯಮಾವಳಿ ಹೇಳುತ್ತದೆ. ಯಾಕೆ ದಾಖಲಿಸಿಕೊಂಡೆವು ಎಂಬುದಕ್ಕೆ ಹಿರಿಯ ವೈದ್ಯರಿಂದ, ಬರೆದುಕೊಟ್ಟ ದಿನದ ತಾರೀಕನ್ನೇ ಹಾಕಿಸಿ, ಪ್ರತ್ಯೇಕ ಪತ್ರವನ್ನೂ ಪಡೆದೆವು.

ಆ ದಾಖಲೆಯೊಳಗೆ ನರ್ಸ್ ನೀಲಿ ಪೆನ್ನಿನಲ್ಲಿ ತುಂಬಿದ ಡ್ರಿಪ್ ಚಾರ್ಟ್ ಇತ್ತು. ಒಂದು ಕಾಲಮ್ಮಿನಲ್ಲಿ ಗಂಟೆ, ಇನ್ನೊಂದರಲ್ಲಿ ಹೋದ ಸಲೈನ್, ಪಕ್ಕದಲ್ಲಿ ನಾಡಿ, ರಕ್ತದೊತ್ತಡ, ಮೂತ್ರದ ಪ್ರಮಾಣ, ಆರಾರು ಗಂಟೆಗೊಮ್ಮೆ ಹಿಮಟೊಕ್ರಿಟ್. ಹಿಮಟೊಕ್ರಿಟ್ ಇಳಿದಂತೆಲ್ಲ ಡ್ರಿಪ್ಪಿನ ವೇಗವನ್ನೂ ಇಳಿಸಿದ್ದರು. ಕಡಿಮೆ ಹಾಕಿದರೆ ರಕ್ತದೊತ್ತಡ ಕುಸಿಯುತ್ತದೆ, ಹೆಚ್ಚಾದರೆ ಶ್ವಾಸಕೋಶದ ಸುತ್ತ ನೀರು ತುಂಬುತ್ತದೆ. ಅಂದರೆ ಕಂಪನಿ ಬರಿಯ ತಪಾಸಣೆ ಎಂದು ಕರೆದದ್ದು ಔಷಧದ ಅಳತೆಯೇ ಆಗಿತ್ತು. ಪ್ರಕರಣದ ಜೀವ ಈ ಒಂದು ಹಾಳೆಯಲ್ಲಿತ್ತು. ಕಂಪನಿ ಅದನ್ನು ಕೇಳಿಯೂ ಇರಲಿಲ್ಲ.

ಐದು ಪುಟ ಒಂದೂವರೆ ಪುಟಕ್ಕೆ ಇಳಿಯಿತು. ಮೊದಲು ಪಾಲಿಸಿ ಸಂಖ್ಯೆ, ಕ್ಲೇಮ್ ಸಂಖ್ಯೆ, ನಿರಾಕರಣೆಯ ಕಾರಣ, ಅದೂ ಕಂಪನಿಯದೇ ಮಾತಿನಲ್ಲಿ. ಅದರ ಕೆಳಗೆ Excl04ರ ಪೂರ್ತಿ ಪಠ್ಯ. ಕಂಪನಿ ಉದ್ಧರಿಸಿದ್ದು ಮೊದಲ ಭಾಗ, ಕೇವಲ ತಪಾಸಣೆಗಾಗಿಯೇ ದಾಖಲಾದರೆ ಖರ್ಚು ಕೊಡುವುದಿಲ್ಲ ಎಂಬುದು. ಎರಡನೆಯ ಭಾಗ ಹೊರಗಿಡುವುದು ಸದ್ಯದ ರೋಗನಿರ್ಣಯಕ್ಕೂ ಚಿಕಿತ್ಸೆಗೂ ಸಂಬಂಧಿಸದ ತಪಾಸಣೆಗಳನ್ನು ಮಾತ್ರ. ಆಮೇಲೆ ದಿನವಾರು ವೈದ್ಯಕೀಯ ಸಂಗತಿಗಳು, ಪ್ರತಿ ಸಾಲಿನ ಕೊನೆಗೆ ಲಗತ್ತಿನ ಪುಟಸಂಖ್ಯೆ. ಆಮೇಲೆ ಪಾಲಿಸಿಯಲ್ಲೇ ಇರುವ "ವೈದ್ಯಕೀಯವಾಗಿ ಅಗತ್ಯವಾದ ಚಿಕಿತ್ಸೆ" ಎಂಬುದರ ವ್ಯಾಖ್ಯೆ: ರೋಗಕ್ಕೆ ಬೇಕಾದದ್ದೇ, ಬೇಕಾದ ಮಟ್ಟ ಮೀರದ್ದೇ, ವೈದ್ಯರು ಬರೆದುಕೊಟ್ಟದ್ದೇ, ಒಪ್ಪಿತ ವೈದ್ಯಕೀಯ ಮಾನದಂಡಕ್ಕೆ ಹೊಂದುವುದೇ? ಡ್ರಿಪ್ ಚಾರ್ಟೂ ಹಿರಿಯ ವೈದ್ಯರ ಪತ್ರವೂ ಮಾರ್ಗಸೂಚಿಯೂ ಈ ನಾಲ್ಕಕ್ಕೂ ಉತ್ತರ ಕೊಟ್ಟವು.

ಕೊನೆಗೆ ಬೇಡಿಕೆ. ಹಣದ ಜೊತೆಗೆ ಕಾಕಾ ಇನ್ನೊಂದನ್ನೂ ಕೇಳಿದರು. ಕಂಪನಿಯ ಪರಿಶೀಲನಾ ಸಮಿತಿಯ ಒಪ್ಪಿಗೆಯಿಲ್ಲದೆ ಯಾವ ಕ್ಲೇಮನ್ನೂ ತಿರಸ್ಕರಿಸಬಾರದೆಂದು ವಿಮಾ ನಿಯಂತ್ರಣ ಪ್ರಾಧಿಕಾರದ 2024ರ ಮೇ ತಿಂಗಳ ಮಾಸ್ಟರ್ ಸುತ್ತೋಲೆಯಲ್ಲಿದೆ. ಆ ಒಪ್ಪಿಗೆ ಯಾವ ದಿನಾಂಕದ್ದು? ತಿಂಗಳೊಳಗೆ ಸಮಾಧಾನಕರ ಉತ್ತರ ಬಾರದಿದ್ದರೆ ಪುಣೆಯ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಹೋಗುತ್ತೇವೆ ಎಂದು ಸಹಿ ಹಾಕಿದರು. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಡ. ನಿರಾಕರಣೆಯಾದ ಒಂದು ವರ್ಷದೊಳಗೆ ದೂರು ಕೊಟ್ಟರಾಯಿತು.

ಹಣ ಬಂತು. ಜೊತೆಗೆ ಬಂದ ಪತ್ರದಲ್ಲಿ, ಗ್ರಾಹಕರೊಂದಿಗಿನ ಬಾಂಧವ್ಯವನ್ನು ಪರಿಗಣಿಸಿ, ಸದ್ಭಾವನೆಯ ನೆಲೆಯಲ್ಲಿ, ಮುಂದಿನ ಪ್ರಕರಣಗಳಿಗೆ ಇದನ್ನು ಪೂರ್ವನಿದರ್ಶನವಾಗಿ ಎತ್ತಿಕೊಳ್ಳಬಾರದೆಂಬ ಷರತ್ತಿನೊಂದಿಗೆ ಕ್ಲೇಮ್ ಮಂಜೂರು ಮಾಡಲಾಗಿದೆ ಎಂದಿತ್ತು. ಸಮಿತಿಯ ಬಗ್ಗೆ ಚಕಾರವಿಲ್ಲ. ಕಾಕಾ ಆ ಪತ್ರವನ್ನು ಎರಡು ಸಲ ಓದಿ, ಕನ್ನಡಕ ಒರೆಸಿಕೊಂಡು, ಪಾಲಿಸಿ ಪುಸ್ತಕ ತೆಗೆದು ಕುಳಿತಿದ್ದಾರೆ. ಸದ್ಭಾವನೆ ಎಷ್ಟನೆಯ ಷರತ್ತಿನಲ್ಲಿದೆ, ಅದಕ್ಕೆ ಕಾಯುವ ಅವಧಿ ಎಷ್ಟು ವರ್ಷ ಎಂದು ಕೇಳಿ ಇನ್ನೊಂದು ಪತ್ರ ಬರೆಯುವವರಿದ್ದಾರೆ.